ವಸತಿ ಸಮುಚ್ಚಯದ ವಿತರಣಾ ಪರಿವರ್ತಕ: ಸಾಮರ್ಥ್ಯ ನಿರ್ಧಾರ

ಹನ್ನೊಂದು ಸಾವಿರ ವೋಲ್ಟ್‌ನಲ್ಲಿ ಬರುವ ವಿದ್ಯುತ್ತನ್ನು 433 ವೋಲ್ಟ್‌ಗೆ ಇಳಿಸಿ ಮನೆಗಳಿಗೆ ಹಂಚುವ ಸಾಧನ ವಿತರಣಾ ಪರಿವರ್ತಕ. ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ಇದರ ಬಳಕೆಯ ಹೆಸರು ಟೀಸಿ. ಅಪಾರ್ಟ್‌ಮೆಂಟ್ ಸಮುಚ್ಚಯವೊಂದಕ್ಕೆ ಎಷ್ಟು ಕೆವಿಎ ಟೀಸಿ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮೂರು ಮೆಟ್ಟಿಲಿನ ಲೆಕ್ಕದಿಂದ. ಮೊದಲು ಮನೆಗಳಲ್ಲಿ ಏನೇನು ಜೋಡಿಸಲಾಗಿದೆ ಎಂದು ನೋಡಬೇಕು. ಆಮೇಲೆ ಅದರಲ್ಲಿ ಒಂದು ಮನೆ ಒಮ್ಮೆಗೆ ಎಷ್ಟನ್ನು ಬಳಸುತ್ತದೆ, ಕೊನೆಗೆ ಎಷ್ಟು ಮನೆಗಳು ಒಂದೇ ಹೊತ್ತಿಗೆ ಹಾಗೆ ಬಳಸುತ್ತವೆ ಎಂದು ಅಳೆಯಬೇಕು. ಈ ಮೂರಕ್ಕೆ ಕ್ರಮವಾಗಿ ಸಂಪರ್ಕಿತ ಹೊರೆ, ಬೇಡಿಕೆ ಗುಣಾಂಕ, ವೈವಿಧ್ಯ ಗುಣಾಂಕ ಎಂದು ಹೆಸರು. ಮೊದಲನೆಯದು ಬರಿಯ ಕೂಡಿಕೆ. ಎರಡನೆಯದಕ್ಕೆ ಮನೆಯೊಳಗಿನ ಬದುಕು ಗೊತ್ತಿರಬೇಕು. ಮೂರನೆಯದರಲ್ಲಿ ತಪ್ಪು ಮಾಡುವವರೇ ಹೆಚ್ಚು.

ಮೂರು ಅಳತೆಗಳು

ಸಂಪರ್ಕಿತ ಹೊರೆ ಎಂದರೆ ಮನೆಯಲ್ಲಿ ಕೂರಿಸಿದ ಎಲ್ಲ ಉಪಕರಣಗಳ ಫಲಕದಲ್ಲಿ ಬರೆದ ವ್ಯಾಟ್‌ಗಳ ಮೊತ್ತ. ವಿದ್ಯುತ್ ಕಂಪನಿ ಮಂಜೂರು ಮಾಡುವ ಲೋಡ್ ಬೇರೆ. ಅದು ಕಾಗದದ ಮೇಲಿನ ಒಪ್ಪಂದ, ಸಾಮಾನ್ಯವಾಗಿ ಸಂಪರ್ಕಿತ ಹೊರೆಗಿಂತ ಬಹಳ ಕಡಿಮೆ. ಇವೆರಡನ್ನು ಒಂದೇ ಎಂದುಕೊಂಡು ಲೆಕ್ಕ ಶುರು ಮಾಡಿದರೆ ಮುಂದಿನ ಎರಡು ಗುಣಾಂಕಗಳೂ ಅರ್ಥ ಕಳೆದುಕೊಳ್ಳುತ್ತವೆ.

ಒಂದು ಮನೆಯ ಗರಿಷ್ಠ ಬೇಡಿಕೆಯನ್ನು ಅದರ ಸಂಪರ್ಕಿತ ಹೊರೆಯಿಂದ ಭಾಗಿಸಿದರೆ ಬೇಡಿಕೆ ಗುಣಾಂಕ ಸಿಗುತ್ತದೆ. ಇಲ್ಲಿ ಗರಿಷ್ಠ ಎಂದರೆ ಮಿಕ್ಸಿ ತಿರುಗಿದ ಕ್ಷಣದ ಜಿಗಿತವಲ್ಲ, ನಿಗದಿತ ಅವಧಿಯ ಸರಾಸರಿ. ಭಾರತದಲ್ಲಿ ಈ ಅವಧಿ 15 ಅಥವಾ 30 ನಿಮಿಷ. ಅವಧಿ ಯಾವುದೆಂಬುದು ಫಲಿತಾಂಶವನ್ನೇ ಬದಲಿಸುತ್ತದೆ. ಹದಿನೈದು ಲೀಟರ್ ಗೀಸರ್‌ನ ನೀರನ್ನು 35 ಡಿಗ್ರಿಯಷ್ಟು ಬಿಸಿಯೇರಿಸಲು ಸುಮಾರು 0.6 ಯೂನಿಟ್ ಬೇಕು. 2 ಕಿಲೊವ್ಯಾಟ್ ಸುರುಳಿಗೆ ಅದು 18 ನಿಮಿಷದ ಕೆಲಸ. 15 ನಿಮಿಷದ ಸರಾಸರಿಯಲ್ಲಿ ಈ ಗೀಸರ್ ಪೂರ್ತಿ 2 ಕಿಲೊವ್ಯಾಟ್ ಆಗಿ ಕಾಣಿಸುತ್ತದೆ, 30 ನಿಮಿಷದ ಸರಾಸರಿಯಲ್ಲಿ 1.2 ಆಗಿ.

ವೈವಿಧ್ಯ ಗುಣಾಂಕ ಮನೆಗಳ ಗುಂಪಿಗೆ ಸೇರಿದ್ದು. ಎಲ್ಲ ಮನೆಗಳ ಗರಿಷ್ಠ ಬೇಡಿಕೆಗಳನ್ನು ಕೂಡಿಸಿ, ಆ ಮೊತ್ತವನ್ನು ಇಡೀ ಗುಂಪು ಟೀಸಿಯ ಬಳಿ ತೋರಿಸುವ ಗರಿಷ್ಠದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಒಬ್ಬರು ಆರಕ್ಕೆ ಸ್ನಾನ ಮಾಡುತ್ತಾರೆ, ಇನ್ನೊಬ್ಬರು ಎಂಟಕ್ಕೆ, ಮತ್ತೊಬ್ಬರು ಊರಲ್ಲೇ ಇಲ್ಲ. ಹಾಗಾಗಿ ಈ ಸಂಖ್ಯೆ ಒಂದಕ್ಕಿಂತ ಕಡಿಮೆಯಾಗಲಾರದು. ಇದನ್ನು ತಲೆಕೆಳಗು ಮಾಡಿದರೆ ಬರುವುದು ಏಕಕಾಲಿಕತೆಯ ಗುಣಾಂಕ, ಅದು ಒಂದನ್ನು ಮೀರದು. ಸಲಹೆಗಾರರ ಲೋಡ್ ಪಟ್ಟಿಗಳಲ್ಲಿ ‘ವೈವಿಧ್ಯ 0.5’ ಎಂದು ಬರೆದಿದ್ದರೆ ಅವರ ಮನಸ್ಸಿನಲ್ಲಿರುವುದು ಈ ಎರಡನೆಯದು. ಒಬ್ಬರ ಪಟ್ಟಿಯ ಸಂಖ್ಯೆಯನ್ನು ಇನ್ನೊಬ್ಬರ ಸೂತ್ರಕ್ಕೆ ಹಾಕಿದಾಗ ಗುಣಿಸಬೇಕಾದಲ್ಲಿ ಭಾಗಿಸಿ, ಉತ್ತರ ನಾಲ್ಕು ಪಟ್ಟು ಆಚೀಚೆ ಹೋಗಬಹುದು.

ಈ ವೈವಿಧ್ಯವನ್ನು ವಿದ್ಯುತ್ ವ್ಯಾಪಾರದ ಬುನಾದಿಯಾಗಿ ಕಂಡವನು ಷಿಕಾಗೊದ ಸ್ಯಾಮ್ಯುಯೆಲ್ ಇನ್ಸುಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆತ ತನ್ನ ಭಾಷಣಗಳಲ್ಲಿ ಒಂದು ಅಪಾರ್ಟ್‌ಮೆಂಟ್ ಬ್ಲಾಕಿನ ಅಳತೆಗಳನ್ನು ಮುಂದಿಡುತ್ತಿದ್ದ. ಮನೆಗಳ ಬಿಡಿ ಗರಿಷ್ಠಗಳ ಮೊತ್ತಕ್ಕೆ ಹೋಲಿಸಿದರೆ ಪರಿವರ್ತಕದ ಮೇಲೆ ಬಿದ್ದ ಹೊರೆ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಆಗ ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ದೀಪಗಳು.

ಮನೆಗಳ ಸಂಖ್ಯೆ ಮತ್ತು ಸಾಮಾನ್ಯ ಕಾರಣ

ಮನೆಗಳು ಹೆಚ್ಚಿದಷ್ಟೂ ಏಕಕಾಲಿಕತೆ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ವಿದ್ಯುತ್ ಕಾಯಿಸುವಿಕೆ ಇಲ್ಲದ ವಸತಿ ಕಟ್ಟಡಗಳಿಗೆ ಫ್ರಾನ್ಸಿನ ಮಾನಕ ಕೊಡುವ ಪಟ್ಟಿ ಇದನ್ನು ಚೆನ್ನಾಗಿ ತೋರಿಸುತ್ತದೆ. ನಾಲ್ಕು ಮನೆಗಳ ತನಕ ಗುಣಾಂಕ 1, ಐದರಿಂದ ಒಂಬತ್ತಕ್ಕೆ 0.78, ಇಪ್ಪತ್ತರ ಹೊತ್ತಿಗೆ 0.49, ಐವತ್ತು ದಾಟಿದ ಮೇಲೆ ಸುಮಾರು 0.4. ಮೊದಲು ಸರಸರ ಇಳಿದು ಆಮೇಲೆ ನೆಲ ಹಿಡಿದು ಸಾಗುವ ಈ ವಕ್ರರೇಖೆಯನ್ನು ರಸ್ಕ್ ಎಂಬವರ ಹೆಸರಿನ ಸೂತ್ರ ಹೀಗೆ ಹಿಡಿಯುತ್ತದೆ: ಅಂತಿಮ ಬೆಲೆಯನ್ನು ಒಂದರಿಂದ ಕಳೆದು, ಉಳಿದದ್ದನ್ನು ಮನೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ, ಮತ್ತೆ ಅಂತಿಮ ಬೆಲೆಗೆ ಕೂಡಿಸಬೇಕು.

ಆ ಅಂತಿಮ ಬೆಲೆ ಎಲ್ಲಿಂದ ಬರುತ್ತದೆ ಎಂಬುದೇ ವಿಷಯದ ತಿರುಳು. ಮನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ಪಾಡಿಗೆ ಸ್ವಿಚ್ ಹಾಕುವಷ್ಟು ಕಾಲ ವರ್ಗಮೂಲದ ಭಾಗ ತನ್ನ ಕೆಲಸ ಮಾಡುತ್ತದೆ. ಎಲ್ಲರಿಗೂ ಒಂದೇ ಕಾರಣ ಇದ್ದಾಗ ಮನೆಗಳ ಸಂಖ್ಯೆ ಎಷ್ಟು ಹೆಚ್ಚಿದರೂ ಆ ಪಾಲು ಕರಗುವುದಿಲ್ಲ. ಬೆಂಗಳೂರಿನ ಜನವರಿಯ ಮುಂಜಾವು ಅಂಥ ಕಾರಣ: ಶಾಲೆಯ ವ್ಯಾನು, ಆಫೀಸಿನ ಕ್ಯಾಬು, ಚಳಿ ಮೂರೂ ಸೇರಿ ಆರೂವರೆಯಿಂದ ಎಂಟರೊಳಗೆ ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿಸುತ್ತವೆ. ಸೌರ ಹೀಟರ್ ಕಡ್ಡಾಯವಿರುವ ರಾಜ್ಯದಲ್ಲಿಯೂ ಬಹುಮಹಡಿ ಕಟ್ಟಡದ ಚಾವಣಿ ಎಲ್ಲ ಮನೆಗಳಿಗೆ ಸಾಲುವುದಿಲ್ಲ. ಸಾಲುವ ಮನೆಗಳಲ್ಲೂ ಮೂರು ದಿನ ಮೋಡ ಕವಿದರೆ ಬ್ಯಾಕಪ್ ಸುರುಳಿಗಳು ಒಂದೇ ಬೆಳಿಗ್ಗೆ ಚಾಲೂ ಆಗುತ್ತವೆ. ಆದ್ದರಿಂದ ಫ್ರೆಂಚ್ ಪಟ್ಟಿಯ 0.4 ಅನ್ನು ಹಾಗೇ ಎತ್ತಿಕೊಳ್ಳುವುದು ಸರಿಯಲ್ಲ. ಗೀಸರ್ ಊರಿಗೆ 0.5, ಅಂದರೆ ವೈವಿಧ್ಯ ಗುಣಾಂಕ 2, ಹೆಚ್ಚು ನಂಬಲರ್ಹ. ಕಲಬುರಗಿಯಲ್ಲಿ ಇದೇ ಪಾತ್ರವನ್ನು ಮೇ ತಿಂಗಳ ರಾತ್ರಿ ಮತ್ತು ಎ.ಸಿ.ಗಳು ವಹಿಸುತ್ತವೆ.

ಒಂದು ಲೆಕ್ಕ

ಬೆಂಗಳೂರಿನಲ್ಲಿ 96 ಮನೆಗಳ ಒಂದು ಸಮುಚ್ಚಯವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಎರಡು ಮಲಗುವ ಕೋಣೆಯವು 64, ಮೂರು ಕೋಣೆಯವು 32.

ಎರಡು ಕೋಣೆಯ ಮನೆಯಲ್ಲಿ ದೀಪ, ಫ್ಯಾನುಗಳಿಗೆ 0.7 ಕಿಲೊವ್ಯಾಟ್, ಟಿ.ವಿ., ಕಂಪ್ಯೂಟರ್, ಚಾರ್ಜರ್‌ಗಳಿಗೆ 0.6, ಎರಡು ಗೀಸರ್‌ಗಳಿಗೆ 4, ಇಂಡಕ್ಷನ್ ಒಲೆ, ಮೈಕ್ರೊವೇವ್, ಮಿಕ್ಸಿಗಳಿಗೆ 3.5, ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗೆ 0.7, ಒಂದು ಎ.ಸಿ.ಗೆ 1.5, ಒಟ್ಟು 11 ಕಿಲೊವ್ಯಾಟ್. ಮೂರು ಕೋಣೆಯ ಮನೆಯಲ್ಲಿ ಇನ್ನೊಂದು ಗೀಸರ್, ಇನ್ನೊಂದು ಎ.ಸಿ. ಮತ್ತು ಸಣ್ಣಪುಟ್ಟ ಹೆಚ್ಚುವರಿ ಸೇರಿ 15.5. ಮನೆಗಳ ಸಂಪರ್ಕಿತ ಹೊರೆ 704 ಮತ್ತು 496, ಸೇರಿ 1,200 ಕಿಲೊವ್ಯಾಟ್.

ಈಗ ಒಂದು ಮನೆಯ ಅತಿ ಬಿಡುವಿಲ್ಲದ ಹದಿನೈದು ನಿಮಿಷ. ಚಿಕ್ಕ ಮನೆಯಲ್ಲಿ ಒಂದು ಗೀಸರ್ ಪೂರ್ತಿ ಉರಿಯುತ್ತಿದೆ, ಎರಡನೆಯದು ಅರ್ಧ ಹೊತ್ತು. ಅಲ್ಲಿಗೆ 3 ಕಿಲೊವ್ಯಾಟ್. ಇಂಡಕ್ಷನ್ ಒಲೆಯ ಸರಾಸರಿ 1.2, ಉಳಿದದ್ದೆಲ್ಲ ಸೇರಿ 0.8. ಹೀಗೆ 5 ಕಿಲೊವ್ಯಾಟ್ ಆಯಿತು, ಬೇಡಿಕೆ ಗುಣಾಂಕ 0.45. ಆ ಹೊತ್ತಿಗೆ ಎ.ಸಿ. ಓಡುವುದಿಲ್ಲ ಎಂಬುದನ್ನು ಗಮನಿಸಬೇಕು. ಗುಣಾಂಕ ಅರ್ಧಕ್ಕಿಂತ ಕೆಳಗಿಳಿಯಲು ಅದೂ ಒಂದು ಕಾರಣ. ದೊಡ್ಡ ಮನೆಯಲ್ಲಿ ಎರಡು ಗೀಸರ್ ಪೂರ್ತಿ ಉರಿದರೆ ಇದೇ ಬಗೆಯಲ್ಲಿ 6.2 ಬರುತ್ತದೆ, ಗುಣಾಂಕ 0.4. ಗುಣಾಂಕವನ್ನು ಪಟ್ಟಿಯಿಂದ ತೆಗೆದು ಹಚ್ಚುವುದಕ್ಕಿಂತ ಹೀಗೆ ಹೊತ್ತನ್ನು ಊಹಿಸಿ ಕಟ್ಟಿಕೊಳ್ಳುವುದು ಲೇಸು, ಏಕೆಂದರೆ ಯಾವ ಉಪಕರಣದ ಊಹೆ ತಪ್ಪಿತು ಎಂದು ಆಮೇಲೆ ಹುಡುಕಬಹುದು.

ಬಿಡಿ ಗರಿಷ್ಠಗಳ ಮೊತ್ತ 320 ಮತ್ತು 198, ಅಂದರೆ 518 ಕಿಲೊವ್ಯಾಟ್. ವೈವಿಧ್ಯ ಗುಣಾಂಕ 2ರಿಂದ ಭಾಗಿಸಿದರೆ 259. ಇದನ್ನು ಮನೆಗೆ ಹಂಚಿದರೆ 2.7 ಕಿಲೊವ್ಯಾಟ್. ಬೇರೆ ದಾರಿಯಿಂದಲೂ ಪರಿಶೀಲಿಸೋಣ. ಅರ್ಧ ಮನೆಗಳಲ್ಲಿ ಒಂದೊಂದು ಗೀಸರ್ ಉರಿಯುತ್ತಿದ್ದರೆ 96, ಎಲ್ಲ ಮನೆಗಳ ಫ್ರಿಜ್, ದೀಪ, ಫ್ಯಾನಿಗೆ ಸುಮಾರು 58, ಅಡುಗೆ ಮನೆಗಳಿಗೆ 50 ಕೊಟ್ಟರೆ 204 ಬರುತ್ತದೆ. ಇದು 259ಕ್ಕಿಂತ ಕಡಿಮೆಯೇ, ಆದರೆ ಅದೇ ಅಂದಾಜಿನ ಅಂಕಿ. ಎರಡು ದಾರಿಗಳು ಒಂದಕ್ಕೊಂದು ಎರಡು ಮೂರು ಪಟ್ಟು ದೂರ ನಿಂತಿದ್ದರೆ ಎಲ್ಲೋ ಗುಣಾಂಕ ಕೈಕೊಟ್ಟಿದೆ ಎಂದು ತಿಳಿಯಬೇಕಿತ್ತು.

ಸಮುದಾಯ ಬಳಕೆಯ ಹೊರೆಗೆ ಮನೆಗಳ ಗುಣಾಂಕವನ್ನು ಹಚ್ಚಬಾರದು. ನಾಲ್ಕು ಲಿಫ್ಟ್‌ಗಳ 32 ಕಿಲೊವ್ಯಾಟ್‌ನಲ್ಲಿ ಬೆಳಗಿನ ಗಡಿಬಿಡಿಗೆ 16, ನೀರಿನ ಪಂಪುಗಳ 11ರಲ್ಲಿ 10, ಕೊಳಚೆ ನೀರು ಶುದ್ಧೀಕರಣ ಘಟಕದ 20ರಲ್ಲಿ 12, ಮೊಗಸಾಲೆಯ ದೀಪಗಳು ಮತ್ತು ಕ್ಲಬ್ ಹೌಸ್ ಸೇರಿ 7. ಒಟ್ಟು 45. ನೀರಿನ ಪಂಪು ಬೆಳಿಗ್ಗೆಯೇ ಓಡುವುದು ಆಕಸ್ಮಿಕವಲ್ಲ: ಜನ ಸ್ನಾನ ಮಾಡುತ್ತಿದ್ದಾರೆ, ಟ್ಯಾಂಕು ಬರಿದಾಗುತ್ತಿದೆ. ಇಲ್ಲಿಯೂ ಸಾಮಾನ್ಯ ಕಾರಣವೇ. ಬೆಂಕಿ ಆರಿಸುವ ದೊಡ್ಡ ಪಂಪನ್ನು ಈ ಮೊತ್ತಕ್ಕೆ ಸೇರಿಸುವುದಿಲ್ಲ, ಆದರೆ ಅದು ಚಾಲೂ ಆದಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದು ಬೇರೆಯಾಗಿ ನೋಡಬೇಕು. ವಾಹನ ಚಾರ್ಜಿಂಗ್‌ಗೆ 3.3 ಕಿಲೊವ್ಯಾಟ್‌ನ ಇಪ್ಪತ್ತು ಕೇಂದ್ರಗಳಿದ್ದು, ಬೆಳಿಗ್ಗೆ ಅವುಗಳಲ್ಲಿ ಐದರಲ್ಲೊಂದು ಉಳಿದಿದ್ದರೆ 13.

ಅಂತೂ ಬೆಳಗಿನ ಶಿಖರ 317 ಕಿಲೊವ್ಯಾಟ್. ಗೀಸರ್‌ನದು ಶುದ್ಧ ರೋಧಕ ಹೊರೆಯಾದ್ದರಿಂದ ಶಕ್ತಿ ಗುಣಾಂಕವನ್ನು 0.95 ಎಂದು ಹಿಡಿಯಬಹುದು. ಆಗ 334 ಕೆವಿಎ. ರಾತ್ರಿ ಒಂಬತ್ತೂವರೆಯ ಲೆಕ್ಕವನ್ನೂ ಪ್ರತ್ಯೇಕವಾಗಿ ಮಾಡಬೇಕು. ಎ.ಸಿ.ಗಳು ಸೇರಿ ಮನೆಗೆ 1.8ರಂತೆ 173, ಸಮುದಾಯದ 40, ಚಾರ್ಜಿಂಗ್ 46. ಮೊತ್ತ 259 ಕಿಲೊವ್ಯಾಟ್. ಬೆಳಗಿನದೇ ದೊಡ್ಡದು. ಎರಡು ಹೊತ್ತುಗಳ ಗರಿಷ್ಠಗಳನ್ನು ಬೆರೆಸಿ, ಬೆಳಗಿನ ಗೀಸರಿಗೆ ರಾತ್ರಿಯ ಎ.ಸಿ.ಯನ್ನು ಕೂಡಿಸಿ ಲೆಕ್ಕ ಉಬ್ಬಿಸುವುದು ಬಲು ಸಾಮಾನ್ಯ.

ಭಾರತೀಯ ಮಾನಕ ಐಎಸ್ 1180 ಪ್ರಕಾರ ಸಿಗುವ ಗಾತ್ರಗಳಲ್ಲಿ ಇಲ್ಲಿಗೆ ಹತ್ತಿರದವು 315, 400, 500 ಮತ್ತು 630 ಕೆವಿಎ. ಶಿಖರದಲ್ಲಿ ಶೇ. 80ರಷ್ಟು ಹೊರೆ ಇರಲಿ ಎಂಬ ರೂಢಿಯಂತೆ 334ನ್ನು 0.8ರಿಂದ ಭಾಗಿಸಿದರೆ 417. ಅಂದರೆ 400 ಕೆವಿಎ ಕೂದಲೆಳೆಯಲ್ಲಿ ತಪ್ಪಿಹೋಗುತ್ತದೆ, 500 ಆರಾಮವಾಗಿ ಸಾಲುತ್ತದೆ. ಕೂದಲೆಳೆಯ ಅಂತರಕ್ಕೆ ದೊಡ್ಡದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ವಿದ್ಯುತ್ ಹೋಗಿ ಬಂದ ಬೆಳಿಗ್ಗೆ ಸಿಗುತ್ತದೆ.

ಕರೆಂಟ್ ಹೋಗಿ ಬಂದಾಗ

ಆರು ಗಂಟೆಗೆ ಹೋದ ವಿದ್ಯುತ್ ಏಳಕ್ಕೆ ಮರಳಿತು ಎನ್ನೋಣ. ಜನರೇಟರ್ ಮನೆಗೆ ಕೊಡುವುದು ಸಾಮಾನ್ಯವಾಗಿ ದೀಪ, ಫ್ಯಾನಿಗೆ ಸಾಕಾಗುವಷ್ಟೇ. ಗೀಸರ್ ಅದರಲ್ಲಿ ಓಡುವುದಿಲ್ಲ. ಹಾಗಾಗಿ ಒಂದು ಗಂಟೆಯ ಉದ್ದಕ್ಕೂ ಚದುರಬೇಕಿದ್ದ ಸ್ನಾನಗಳೆಲ್ಲ ಏಳು ಗಂಟೆಗೆ ಬಂದು ಕೂಡುತ್ತವೆ. ವೈವಿಧ್ಯ ಗುಣಾಂಕ ಹೆಚ್ಚುಕಡಿಮೆ ಒಂದಕ್ಕೆ ಕುಸಿಯುತ್ತದೆ. ಮನೆಗಳ 518ಕ್ಕೆ ಉಳಿದ 58 ಸೇರಿ 576 ಕಿಲೊವ್ಯಾಟ್, 606 ಕೆವಿಎ. ಇದು 500 ಕೆವಿಎ ಟೀಸಿಯ ಶೇ. 121, 400ರ ಶೇ. 152.

ಪರಿವರ್ತಕಕ್ಕೆ ಇದರಿಂದ ಅಷ್ಟು ಭಯವಿಲ್ಲ. ಗಾಳಿಯಿಂದಲೇ ತಣಿಯುವ ವಿತರಣಾ ಪರಿವರ್ತಕದ ಎಣ್ಣೆ ಬಿಸಿಯಾಗುವ ಕಾಲಮಾನ ಸುಮಾರು ಮೂರು ಗಂಟೆ ಎಂದು ಅಂತರರಾಷ್ಟ್ರೀಯ ಮಾರ್ಗದರ್ಶಿ ಹಿಡಿಯುತ್ತದೆ. ಸುರುಳಿಯದು ಮಾತ್ರ ನಾಲ್ಕು ನಿಮಿಷ. ಅರ್ಧ ಗಂಟೆಯ ಭರಾಟೆ ಎಣ್ಣೆಯನ್ನು ತಲುಪುವ ಮೊದಲೇ ಇಳಿದುಹೋಗುತ್ತದೆ. ತೊಂದರೆ ಕೊಡುವುದು ತಗ್ಗು ವೋಲ್ಟೇಜ್ ಬದಿಯ ಬ್ರೇಕರ್. 606 ಕೆವಿಎಗೆ ಹರಿಯುವ ಪ್ರವಾಹ 808 ಆಂಪಿಯರ್. 400 ಕೆವಿಎಯ ಪೂರ್ಣ ಪ್ರವಾಹ 533 ಆಂಪಿಯರ್, ಅದಕ್ಕೆ ಹೊಂದಿಸಿದ ಬ್ರೇಕರ್ ಒಂದೂವರೆ ಪಟ್ಟು ಹೊರೆಗೆ ಕೆಲವೇ ನಿಮಿಷಗಳಲ್ಲಿ ಟ್ರಿಪ್ ಆಗುತ್ತದೆ. ನೀರು ಬಿಸಿಯಾಗಿರುವುದಿಲ್ಲ, ಗೀಸರ್ ಸ್ವಿಚ್ಚುಗಳು ಹಾಗೇ ಇರುತ್ತವೆ; ಬ್ರೇಕರ್ ಎತ್ತಿದರೆ ಮತ್ತೆ ಟ್ರಿಪ್. 500 ಕೆವಿಎಯ ಪೂರ್ಣ ಪ್ರವಾಹ 667 ಆಂಪಿಯರ್. 1.2 ಪಟ್ಟು ಹೊರೆಯನ್ನು ಅದರ ಬ್ರೇಕರ್ ಬಹು ಹೊತ್ತು ತಾಳಬಲ್ಲದು, ಅಷ್ಟರಲ್ಲಿ ಮೊದಲ ಸರದಿಯ ಗೀಸರ್‌ಗಳು ತಾವಾಗಿಯೇ ಆರುತ್ತವೆ. ಆದ್ದರಿಂದ ಈ ಸಮುಚ್ಚಯಕ್ಕೆ ಸರಿಯಾದದ್ದು 500.

ತಪ್ಪುವುದು ಹೇಗೆ

ಎಲ್ಲವನ್ನೂ ಒಂದೇ ಗುಣಾಂಕದಿಂದ ಮುಗಿಸುವವರು ಮಾಡುವ ತಪ್ಪು ಅತಿಗಾತ್ರದ್ದು. ಮನೆ, ಸಮುದಾಯ, ಚಾರ್ಜಿಂಗ್ ಸೇರಿದ ಒಟ್ಟು 1,352 ಕಿಲೊವ್ಯಾಟ್‌ಗೆ 0.6 ಹಚ್ಚಿ, 0.9 ಶಕ್ತಿ ಗುಣಾಂಕದಿಂದ ಭಾಗಿಸಿದರೆ 900 ಕೆವಿಎ ದಾಟಿ, 1,000 ಕೆವಿಎ ಟೀಸಿ ಬಂದು ಕೂರುತ್ತದೆ. ಅದು ಸುಡುವುದಿಲ್ಲ, ಹಾಗಾಗಿ ಯಾರೂ ಅದನ್ನು ತಪ್ಪೆಂದು ಕರೆಯುವುದಿಲ್ಲ. ಆದರೆ ಕಬ್ಬಿಣದ ತಿರುಳಿನ ನಷ್ಟ ಹೊರೆಯಿರಲಿ ಬಿಡಲಿ ವರ್ಷವಿಡೀ ಹರಿಯುತ್ತದೆ. ಆ ನಷ್ಟ ಒಂದು ಕಿಲೊವ್ಯಾಟ್ ಹೆಚ್ಚಾದರೂ ವರ್ಷಕ್ಕೆ 8,760 ಯೂನಿಟ್.

ಅಪಾಯದ್ದು ಇದಕ್ಕೆ ವಿರುದ್ಧವಾದ ತಪ್ಪು. ಯಾವುದೋ ಹಳೆಯ ಕಟ್ಟಡದ ಟೀಸಿ ಮೀಟರಿನಿಂದ ‘ಬೇಡಿಕೆ ಗುಣಾಂಕ’ ಎಂದು ತೆಗೆದ ಸಂಖ್ಯೆಯೊಳಗೆ ಮನೆಗಳ ನಡುವಿನ ವೈವಿಧ್ಯ ಆಗಲೇ ಸೇರಿರುತ್ತದೆ. ನಮ್ಮ ಉದಾಹರಣೆಯಲ್ಲಿ 259ನ್ನು 1,200ರಿಂದ ಭಾಗಿಸಿದರೆ ಬರುವ 0.22 ಅಂಥ ಸಂಖ್ಯೆ. ಇದನ್ನು ಬಿಡಿ ಮನೆಯ ಗುಣಾಂಕವೆಂದು ಭಾವಿಸಿ ಮತ್ತೆ 2ರಿಂದ ಭಾಗಿಸಿದರೆ ಮನೆಗಳಿಗೆ 130, ಒಟ್ಟು 188 ಕಿಲೊವ್ಯಾಟ್, 198 ಕೆವಿಎ. 250 ಕೆವಿಎ ಸಾಕು ಎನ್ನಿಸುತ್ತದೆ. ಅದರ ಮೇಲೆ ನಿಜವಾಗಿ ಬೀಳುವ 334 ಅದರ ಸಾಮರ್ಥ್ಯದ ಶೇ. 134. ಮನೆಗಳು ಪೂರ್ತಿ ತುಂಬುವ ತನಕ, ಅಂದರೆ ಮೊದಲ ಒಂದೆರಡು ವರ್ಷ, ಈ ತಪ್ಪು ಹೊರಗೆ ಕಾಣುವುದೇ ಇಲ್ಲ.

ಮೂರನೆಯದು ಮೇಲ್ಮಟ್ಟದ ಗುಣಾಂಕವನ್ನು ಕೆಳಮಟ್ಟಕ್ಕೆ ಇಳಿಸುವುದು. 96 ಮನೆಗೆ 0.5 ಬರುವಂತೆ ರಸ್ಕ್ ಸೂತ್ರವನ್ನು ಹೊಂದಿಸಿದರೆ ಅಂತಿಮ ಬೆಲೆ 0.44 ಆಗುತ್ತದೆ. ಅದೇ ಸೂತ್ರದಲ್ಲಿ 24 ಮನೆಗಳಿಗೆ ಏರುವ ಒಂದು ಮುಖ್ಯ ಕೇಬಲ್ಲಿಗೆ 0.56, ಆರು ಮನೆಗಳ ಒಂದು ಮಹಡಿಗೆ 0.67. ಟೀಸಿಗೆ ಸರಿಯಾದ 0.5ನ್ನೇ ಮಹಡಿಯ ಕೇಬಲ್ಲಿಗೂ ಹಚ್ಚಿದರೆ ಟೀಸಿ ತಣ್ಣಗಿದ್ದು ಕೇಬಲ್ ಬಿಸಿಯಾಗುತ್ತದೆ. ಒಂದರ ಬದಲು ಎರಡು 250 ಕೆವಿಎ ಟೀಸಿ ಹಾಕುವಾಗಲೂ ಇದು ನೆನಪಿರಬೇಕು: ತಲಾ 48 ಮನೆಗಳಿಗೆ ಗುಣಾಂಕ 0.52ಕ್ಕೆ ಏರುತ್ತದೆ. ಏರಿಕೆ ಅಲ್ಪ. ಒಂದು ಕೆಟ್ಟಾಗ ಇನ್ನೊಂದರ ಮೇಲೆ ಅರ್ಧ ಊರು ಬದುಕುವ ಅನುಕೂಲಕ್ಕೆ ಅದು ದುಬಾರಿಯಲ್ಲ.

ಅಳೆದು ನೋಡುವುದು

ಕಟ್ಟಡ ತುಂಬಿದ ಮೇಲೆ ಡಿಸೆಂಬರ್ ಅಥವಾ ಜನವರಿಯ ಒಂದು ಕೆಲಸದ ದಿನ, ಆರೂವರೆಯಿಂದ ಎಂಟರ ತನಕ ಟಾಂಗ್ ಟೆಸ್ಟರ್ ಹಿಡಿದು ಮೂರು ಫೇಸುಗಳನ್ನೂ ನ್ಯೂಟ್ರಲ್ಲನ್ನೂ ಅಳೆದರೆ ಲೆಕ್ಕದ ಯೋಗ್ಯತೆ ತಿಳಿಯುತ್ತದೆ. ನಮ್ಮ ಲೆಕ್ಕ ನಿಜವಾದರೆ ಸರಾಸರಿ 445 ಆಂಪಿಯರ್ ಸಿಗಬೇಕು. ಅದು 520, 410, 405 ಎಂದು ಹಂಚಿಹೋಗಿದ್ದರೆ ನ್ಯೂಟ್ರಲ್‌ನಲ್ಲಿ ನೂರಹನ್ನೆರಡರಷ್ಟು ಕಾಣಿಸುತ್ತದೆ. ಸರಾಸರಿಗೆ ಶೇ. 67 ಹೊರೆಯಿರುವ ಟೀಸಿಯ ಒಂದು ಸುರುಳಿ ಆಗ ಶೇ. 78ರಲ್ಲಿ ದುಡಿಯುತ್ತಿರುತ್ತದೆ. ಒಂಟಿ ಫೇಸಿನ ಮನೆಗಳನ್ನು ಮರುಹಂಚಿಕೆ ಮಾಡುವುದು ದೊಡ್ಡ ಟೀಸಿ ತರುವುದಕ್ಕಿಂತ ಅಗ್ಗ. ಮೀಟರಿನಲ್ಲಿ ಅವಧಿವಾರು ದಾಖಲೆ ಇದ್ದರೆ ಅದನ್ನು ಇಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಅದರಲ್ಲಿ ಶಿಖರದ ಎತ್ತರದ ಜೊತೆಗೆ ಅಗಲವೂ ಕಾಣುತ್ತದೆ.

ಅಗಲ ಏಕೆ ಮುಖ್ಯವೆಂದರೆ, ಪರಿವರ್ತಕದ ಆಯುಷ್ಯವನ್ನು ನಿರ್ಧರಿಸುವುದು ಸುರುಳಿಗೆ ಸುತ್ತಿದ ಕಾಗದ. ಸಾಮಾನ್ಯ ಕಾಗದಕ್ಕೆ ಅತಿ ಬಿಸಿ ಬಿಂದುವಿನ ಆಧಾರ ಉಷ್ಣತೆ 98 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಪ್ರತಿ 6 ಡಿಗ್ರಿಗೆ ಸವಕಳಿಯ ವೇಗ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಶಿಖರ ಬರುವುದು ವರ್ಷದ ಅತಿ ತಣ್ಣನೆಯ ಹೊತ್ತಿನಲ್ಲಿ, ಒಂದೂವರೆ ಗಂಟೆಯ ಮಟ್ಟಿಗೆ. ಇದು ಟೀಸಿಯ ಅದೃಷ್ಟ. ಕಲಬುರಗಿಯಲ್ಲಿ ಶಿಖರ ಬರುವುದು ಬಿಸಿ ರಾತ್ರಿಯಲ್ಲಿ, ಆರೇಳು ಗಂಟೆ ಕಾಲ. ಅಲ್ಲಿ ಅದೇ 334 ಕೆವಿಎಗೆ ಶೇ. 80ರ ರೂಢಿಯನ್ನು ಸಡಿಲಿಸುವ ಮಾತೇ ಇಲ್ಲ.

ವಾಹನ ಚಾರ್ಜಿಂಗ್ ಬಂದ ಮೇಲೆ

ಇಪ್ಪತ್ತರ ಬದಲು 96 ಮನೆಗಳೂ ವಿದ್ಯುತ್ ಕಾರು ಕೊಂಡರೆ ಏನಾಗುತ್ತದೆ? ಚಾರ್ಜರ್‌ಗಳ ಸಂಪರ್ಕಿತ ಹೊರೆ 317 ಕಿಲೊವ್ಯಾಟ್. ರಾತ್ರಿಯ ಮನೆ ಮತ್ತು ಸಮುದಾಯದ 213 ಸೇರಿದರೆ 530, ಅಂದರೆ 500 ಕೆವಿಎ ಸಾಲದು. ಆದರೆ ದಿನಕ್ಕೆ 40 ಕಿಲೊಮೀಟರ್ ಓಡುವ ಕಾರಿಗೆ ಬೇಕಾದದ್ದು ಸುಮಾರು 6 ಯೂನಿಟ್. 96 ಕಾರುಗಳಿಗೆ 576. ಇದನ್ನು ರಾತ್ರಿಯ ಎಂಟು ಗಂಟೆಗಳ ಮೇಲೆ ಸಮನಾಗಿ ಹರಡಿದರೆ 72 ಕಿಲೊವ್ಯಾಟ್ ಮಾತ್ರ. ಆಗ ಒಟ್ಟು 285, ಬೆಳಗಿನ ಶಿಖರಕ್ಕಿಂತಲೂ ಕಡಿಮೆ.

317ಕ್ಕೂ 72ಕ್ಕೂ ನಡುವಿನ ಅಂತರವೆಲ್ಲ ವೈವಿಧ್ಯದ್ದೇ. ಮಾಲೀಕರು ಮನೆಗೆ ಬಂದ ಹೊತ್ತಿಗೆ ಪ್ಲಗ್ ಹಾಕಿದರೆ ಅದು ತಾನಾಗಿ ಅಷ್ಟಿಷ್ಟು ಒದಗುತ್ತದೆ. ರಾತ್ರಿ ಹತ್ತರಿಂದ ದರ ಅಗ್ಗವೆಂದು ಎಲ್ಲರೂ ಟೈಮರ್ ಅನ್ನು ಹತ್ತಕ್ಕೇ ಇಟ್ಟರೆ, ಗೀಸರ್‌ಗೆ ಚಳಿ ಮಾಡಿದ್ದನ್ನು ಇಲ್ಲಿ ದರಪಟ್ಟಿ ಮಾಡುತ್ತದೆ. ಟೀಸಿಯ ಹೊರೆ ನೋಡಿ ಚಾರ್ಜರ್‌ಗಳಿಗೆ ಸರದಿ ಹಂಚುವ ನಿಯಂತ್ರಕ ಇದ್ದರೆ ಈ ಅಪಾಯ ತಪ್ಪುತ್ತದೆ. ಆದರೆ ತಲಾ ಮೀಟರಿನಿಂದ ಪ್ರತ್ಯೇಕವಾಗಿ ತಂತಿ ಎಳೆದುಕೊಂಡ ಚಾರ್ಜರ್‌ಗಳು ಅಂಥ ನಿಯಂತ್ರಕದ ಹಿಡಿತಕ್ಕೆ ಸಿಗುವುದಿಲ್ಲ. ಇನ್ನೊಂದು ಬದಲಾವಣೆ ಇದಕ್ಕಿಂತ ನಿಧಾನವಾದದ್ದು: ಹಿಂದೆ ರಾತ್ರಿ ಹನ್ನೊಂದರಿಂದ ಐದರ ತನಕ ಟೀಸಿಯ ಎಣ್ಣೆ ತಣಿಯುತ್ತಿತ್ತು, ಬೆಳಗಿನ ಶಿಖರವನ್ನು ಅದು ತಣ್ಣಗಿದ್ದೇ ಎದುರಿಸುತ್ತಿತ್ತು. ಚಾರ್ಜಿಂಗ್ ಆ ಬಿಡುವನ್ನು ತುಂಬಿದ ಮೇಲೆ, ಕೆವಿಎ ಅಂಕಿ ಹಾಗೇ ಇದ್ದರೂ ಏಳು ಗಂಟೆಯ ಎಣ್ಣೆ ಮೊದಲಿಗಿಂತ ಬಿಸಿಯಾಗಿರುತ್ತದೆ.